ನಾಲ್ಕು ವರ್ಷದ ಗೀಸರ್, ಡಿಗ್ರಿ ಇಲ್ಲದ ನಾಬ್

15 ಲೀಟರಿನ ಟ್ಯಾಂಕ್ ಗೀಸರ್, ಕೋಲಾರದ ಬೋರ್ ನೀರು, ಬಳಸೋರಲ್ಲಿ ಒಂದು ಕೂಸು, ಸಕ್ಕರೆ ಕಾಯಿಲೆ ಇರೋ ಒಬ್ಬರು ಅಜ್ಜಿ. ಬೆಲೆ, ವಾರಂಟಿ, ಎಷ್ಟು ವಾಟ್ ಅನ್ನೋದೆಲ್ಲ ಡಬ್ಬದ ಮೇಲೇ ಇದೆ, ಅದು ಬಿಡಿ. ನೀರು ಬೇಗ ಕಾಯುತ್ತೆ, ಟ್ಯಾಂಕ್ ಇವತ್ತಿನವರೆಗೂ ಸೋರಿಲ್ಲ. ತಕರಾರಿರೋದು ನಾಬ್ ಬಗ್ಗೆ. ಅದರ ಮೇಲೆ ಒಂದು ಕಡೆ ನೀಲಿ ಚುಕ್ಕೆ, ಇನ್ನೊಂದು ಕಡೆ ಕೆಂಪು ಚುಕ್ಕೆ, ಅಷ್ಟೇ. ಎಲ್ಲಿಗೆ ತಿರುಗಿಸಿದರೆ ಎಷ್ಟು ಡಿಗ್ರಿ ಅಂತ ಎಲ್ಲೂ ಬರೆದಿಲ್ಲ.

ಅಳೆಯೋಕೆ ಅಡುಗೆಗೆ ಬಳಸೋ ಕಡ್ಡಿಯಂಥ ಡಿಜಿಟಲ್ ಥರ್ಮಾಮೀಟರ್ ಸಾಕು. ಜ್ವರ ನೋಡೋದು ಬೇಡ, ಅದರ ಅಳತೆ 42ರ ಆಸುಪಾಸಿಗೇ ಮುಗಿಯುತ್ತೆ. ಗಾಜಿನದಾದರೆ ಒಡೆದೂ ಹೋಗುತ್ತೆ. ಗೀಸರಿನ ದೀಪ ಆರುವವರೆಗೆ ಕಾಯಬೇಕು. ಪೈಪಿನಲ್ಲಿ ನಿಂತಿದ್ದ ತಣ್ಣೀರು ಹೋಗಲಿ ಅಂತ ಮೊದಲ ಎರಡು ಚೊಂಬು ಪಕ್ಕಕ್ಕೆ ಹಿಡಿದು, ಮೂರನೇ ಚೊಂಬಿನಲ್ಲಿ ಕಡ್ಡಿ ಅದ್ದಬೇಕು. ನಾಬ್ ಪೂರ್ತಿ ಕೆಂಪಿಗಿದ್ದಾಗ ಇದು 75 ತೋರಿಸಿತು, ನಡುವೆ ಇಟ್ಟಾಗ 60. ಆಮೇಲೆ 50 ಬರೋ ಜಾಗ ಹುಡುಕಿ ಅಲ್ಲೊಂದು ಉಗುರು ಬಣ್ಣದ ಚುಕ್ಕೆ ಇಟ್ಟಿದ್ದಾಯಿತು. ಕಂಪನಿ ಮಾಡಬೇಕಿದ್ದ ಕೆಲಸ.

ಈ ಅಂಕಿಗಳಿಗೆ ಅಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ ಅಂದರೆ, 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೂ ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತೆ. 50ರಲ್ಲಿ ಅದೇ ಸುಟ್ಟಗಾಯಕ್ಕೆ ಕೆಲವು ನಿಮಿಷ ಬೇಕು, ಅಂದರೆ ಕೈ ಹಿಂದಕ್ಕೆ ಎಳೆದುಕೊಳ್ಳೋಕೆ ಸಮಯ ಸಿಗುತ್ತೆ. ಕೂಸಿನ ಚರ್ಮ ತೆಳು, ಇನ್ನೂ ಬೇಗ ಸುಡುತ್ತೆ.

ಕೂಸಿಗೆ ಎರೆಯೋ ನೀರು 37ರಿಂದ 38 ಇರಬೇಕು. ಕಾಲ ಮೇಲೆ ಮಲಗಿಸಿಕೊಂಡು ಎರೆಯೋರು ಚೊಂಬಿನ ಲೆಕ್ಕದಲ್ಲೇ ನೀರು ಬೆರೆಸೋದು: ಇಷ್ಟು ಬಿಸಿ, ಇಷ್ಟು ತಣ್ಣಗೆ. ಯಡವಟ್ಟಾಗೋದು ಅಲ್ಲೇ. ಜನವರಿ ಬೆಳಗ್ಗೆ ಮೇಲಿನ ಟ್ಯಾಂಕಿನ ನೀರು 20 ಡಿಗ್ರಿ, ಗೀಸರಿನದು 60 ಅಂದುಕೊಳ್ಳಿ. ಹತ್ತು ಲೀಟರ್ ಬಕೆಟ್ಟಿಗೆ ಐದೂವರೆ ಲೀಟರ್ ತಣ್ಣೀರು, ನಾಲ್ಕೂವರೆ ಬಿಸಿನೀರು ಹಾಕಿದರೆ ಸರಿಯಾಗಿ 38. ನೆಂಟರು ಬಂದಾಗ ಯಾರೋ ನಾಬನ್ನು ಪೂರ್ತಿ ತಿರುಗಿಸಿ ಹಾಗೇ ಬಿಟ್ಟಿದ್ದರೆ, ಅದೇ ಬಕೆಟ್ಟು, ಅದೇ ಲೆಕ್ಕ, ನೀರು ಮಾತ್ರ 45ರ ಹತ್ತಿರ. ನಾಬ್ ಮುಟ್ಟದಿದ್ದರೂ ತಪ್ಪಿದ್ದಲ್ಲ: ಏಪ್ರಿಲಿನಲ್ಲಿ ತಣ್ಣೀರೇ 28 ಇರುತ್ತೆ, ಚಳಿಗಾಲದ ಲೆಕ್ಕದಲ್ಲೇ ಬೆರೆಸಿದರೆ 42 ದಾಟುತ್ತೆ. ಹಾಗಾಗಿ ಚೊಂಬು ಎಣಿಸಿದರೂ ಕೊನೆಗೆ ಅಳೆಯಲೇಬೇಕು. ಮೊದಲು ತಣ್ಣೀರು, ಆಮೇಲೆ ಬಿಸಿನೀರು. ತಳದಿಂದ ಚೆನ್ನಾಗಿ ಕಲಕಿ, ಕಡ್ಡಿ ಅದ್ದಿ, ಮೊಣಕೈಯಲ್ಲೂ ನೋಡಿ. ಅಂಗೈ ನಂಬಬೇಡಿ, ಒಲೆ ಮುಂದೆ ಪಳಗಿದ ಅಂಗೈಯಂತೂ ಬೇಡವೇ ಬೇಡ. ಕೂಸು ಕಾಲ ಮೇಲಿರುವಾಗ ಬಕೆಟ್ಟಿಗೆ ಬಿಸಿನೀರು ಬಿಡಬೇಡಿ.

ಅಜ್ಜಿಯ ವಿಷಯ ಬೇರೆ. ಸಕ್ಕರೆ ಕಾಯಿಲೆಯಿಂದ ಪಾದದ ನರ ಮಂದವಾಗಿದ್ದರೆ ಬಿಸಿ ತಿಳಿಯೋದೇ ಇಲ್ಲ. "ಇನ್ನಷ್ಟು ಬಿಸಿ ಹಾಕವ್ವ, ತಣ್ಣಗೈತೆ" ಅಂದಾಗ ಹಾಕಿಬಿಡೋದು ಸುಲಭ, ಆದರೆ ತೀರ್ಮಾನ ಕಡ್ಡಿಯದ್ದೇ ಆಗಲಿ. 40 ಸಾಕು. ಶವರಿಗಿಂತ ಬಕೆಟ್ಟೇ ವಾಸಿ: ಅಡುಗೆಮನೆಯಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ ಶವರಿಗೆ ಬರೋ ತಣ್ಣೀರು ಕಮ್ಮಿಯಾಗಿ ನೀರು ದಿಢೀರಂತ ಸುಡುತ್ತೆ. ಆಗ ವಯಸ್ಸಾದವರು ಥಟ್ಟನೆ ಪಕ್ಕಕ್ಕೆ ಸರಿಯೋಕೆ ಆಗಲ್ಲ.

ಮೂರನೇ ವರ್ಷಕ್ಕೆ ಗೀಸರ್ ಮೇಲಿನ ಮೆಚ್ಚುಗೆ ಇಳಿಯಿತು. ಒಳಗಿಂದ ಕಟಕಟ ಸದ್ದು, ಉಗುರು ಬಣ್ಣದ ಚುಕ್ಕೆಗೇ ಇಟ್ಟರೂ ಕಡ್ಡಿ 57 ತೋರಿಸಿತು. ಬೋರಿನ ಗಡಸು ನೀರು ಕಾದಾಗ ಸುಣ್ಣ ಕಾಯಿಲಿನ ಮೇಲೂ, ಥರ್ಮೋಸ್ಟಾಟ್ ಕೂರುವ ಕೊಳವೆಯ ಮೇಲೂ ಕಲ್ಲಿನಂತೆ ಕಟ್ಟುತ್ತೆ. ಥರ್ಮೋಸ್ಟಾಟಿಗೆ ಬಿಸಿ ತಡವಾಗಿ ಮುಟ್ಟಿ, ಅದು ಕರೆಂಟ್ ಕಡಿಯೋದೂ ತಡವಾಗುತ್ತೆ. ಮೇನ್ ಆಫ್ ಮಾಡಿಸಿ, ಟ್ಯಾಂಕ್ ಬರಿದು ಮಾಡಿಸಿ, ಸುಣ್ಣ ತೆಗೆಸಿ, ಗ್ಯಾಸ್ಕೆಟ್ ಹೊಸದು ಹಾಕಿಸಿದ ಮೇಲೆ ಮತ್ತೆ 51ಕ್ಕೆ ಬಂತು. ನಮ್ಮ ಕಡೆ ನೀರಿಗೆ ಇದು ವರ್ಷಕ್ಕೊಮ್ಮೆ ಆಗಬೇಕು. ಮ್ಯಾನುಯಲ್ಲಿನಲ್ಲಿ ಇದರ ಬಗ್ಗೆ ಒಂದೇ ಸಾಲಿದೆ.

50ಕ್ಕೆ ಇಟ್ಟರೆ ತೊಂದರೆ ಇಲ್ಲವೆಂದಲ್ಲ. ಬಿಸಿನೀರು ಹೆಚ್ಚು ಬೇಕು, ಎರಡನೆಯವರ ಸ್ನಾನಕ್ಕೆ ಮತ್ತೆ ಕಾಯಬೇಕು. ಅದಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ, ನಿಂತ ಬೆಚ್ಚನೆಯ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತೆ. ಊರಿಗೆ ಹೋಗಿ ವಾರಗಟ್ಟಲೆ ಬಿಟ್ಟು ಬಂದರೆ ಒಮ್ಮೆ ಪೂರ್ತಿ ಕಾಯಿಸಿ, ಆ ನೀರನ್ನು ಹುಷಾರಾಗಿ ಬಕೆಟ್ಟಿಗೆ ಹಿಡಿದು, ಆರಿದ ಮೇಲೆ ಚೆಲ್ಲಿ.

ಟ್ಯಾಂಕಿಗೆ ಐದಕ್ಕೆ ನಾಲ್ಕು, ನಾಬಿಗೆ ಒಂದು. ಇದೇ ಬೆಲೆಗೆ ಡಿಗ್ರಿ ತೋರಿಸೋ ಗೀಸರ್ ಸಿಕ್ಕರೆ ಅದನ್ನೇ ತಗೊಳ್ಳಿ, ಆದರೆ ಅದು ತೋರಿಸೋ ಅಂಕಿಯನ್ನೂ ಒಮ್ಮೆ ಕಡ್ಡಿಯಿಂದ ತಾಳೆ ನೋಡಿ.