ಸಾಮಾನ್ಯ ನಿರ್ಣಯವೋ, ವಿಶೇಷ ನಿರ್ಣಯವೋ?

ಕಂಪನಿಯ ಸದಸ್ಯರ ಸಭೆಯಲ್ಲಿ ಡಿವಿಡೆಂಡ್ ಘೋಷಣೆ, ಆಡಿಟರ್ ನೇಮಕಕ್ಕೆ ಸಾಮಾನ್ಯ ನಿರ್ಣಯ ಸಾಕು. ಕಂಪನಿಯ ಹೆಸರು ಅಥವಾ ಅದರ ಒಳನಿಯಮಗಳಾದ ಆರ್ಟಿಕಲ್ಸ್ ಬದಲಿಸಲು ವಿಶೇಷ ನಿರ್ಣಯವೇ ಬೇಕು. 2013ರ ಕಂಪನಿ ಕಾಯ್ದೆಯ 114ನೇ ಸೆಕ್ಷನ್ ಎರಡರ ಅಳತೆಯನ್ನೂ ಹೇಳುತ್ತದೆ. ಸಾಮಾನ್ಯಕ್ಕೆ ಪರವಾದ ಮತ ವಿರುದ್ಧದ ಮತಕ್ಕಿಂತ ಒಂದು ಜಾಸ್ತಿ ಇದ್ದರೂ ಆಯಿತು. ವಿಶೇಷಕ್ಕೆ ಪರವಾದ ಮತ ವಿರುದ್ಧದ್ದರ ಕನಿಷ್ಠ ಮೂರು ಪಟ್ಟು ಇರಬೇಕು. ಸಭೆಯ ನೋಟಿಸಿನಲ್ಲೇ 'ವಿಶೇಷ ನಿರ್ಣಯ' ಎಂದು ಹೇಳಿರಬೇಕು. ಇಲ್ಲದಿದ್ದರೆ ಎಷ್ಟೇ ಮತ ಬಂದರೂ ಅದು ವಿಶೇಷ ನಿರ್ಣಯವಾಗುವುದಿಲ್ಲ.

ಎಡವುವುದು ಲೆಕ್ಕದಲ್ಲಿ. ಸಭೆಯಲ್ಲಿ 50 ಸದಸ್ಯರಿದ್ದಾರೆ ಅಂದುಕೊಳ್ಳಿ. ಆರ್ಟಿಕಲ್ಸ್ ತಿದ್ದುಪಡಿಗೆ 33 ಜನ ಪರವಾಗಿ ಕೈ ಎತ್ತಿದರು, 11 ಜನ ವಿರುದ್ಧ. 6 ಜನ ಸುಮ್ಮನಿದ್ದರು. ಹಾಜರಿದ್ದವರಲ್ಲಿ ಪರವಾದವರು ಶೇ. 66 ಮಾತ್ರ, ಬಿದ್ದುಹೋಯಿತು ಅನ್ನಿಸುತ್ತದೆ ಅಲ್ವಾ? ಇಲ್ಲ, ಪಾಸಾಗಿದೆ. ಸುಮ್ಮನಿದ್ದವರು ಲೆಕ್ಕಕ್ಕೇ ಬರುವುದಿಲ್ಲ. 11ರ ಮೂರು ಪಟ್ಟು ಸರಿಯಾಗಿ 33. ಒಂದು ಕೈ ಕಡಿಮೆಯಾಗಿದ್ದರೆ ಬೀಳುತ್ತಿತ್ತು. ಪೋಲ್ ಕೇಳಿದರೆ ಮಾತ್ರ ತಲೆಗಳ ಬದಲು ಷೇರುಗಳ ಲೆಕ್ಕ.

ಇಲ್ಲಿ ನಡವಳಿಯಲ್ಲಿ 'ಸರ್ವಾನುಮತದಿಂದ' ಎಂದು ಬರೆದರೆ ಸುಳ್ಳು. 'ಬಹುಮತದಿಂದ' ಎಂದಷ್ಟೇ ಬರೆದರೆ ಸಾಮಾನ್ಯ ನಿರ್ಣಯದಂತೆ ಓದಿಸುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ: "ಕೈ ಎತ್ತಿ ನಡೆದ ಮತದಾನದಲ್ಲಿ ಪರ 33, ವಿರುದ್ಧ 11. ಪರವಾದ ಮತ ವಿರುದ್ಧದ ಮೂರು ಪಟ್ಟಿಗೆ ಕಡಿಮೆಯಿಲ್ಲ. ವಿಶೇಷ ನಿರ್ಣಯ ಅಂಗೀಕಾರವಾಯಿತೆಂದು ಅಧ್ಯಕ್ಷರು ಘೋಷಿಸಿದರು." ಇದೇ ನಿರ್ಣಯದ ಪ್ರತಿ 30 ದಿನದೊಳಗೆ MGT-14 ಫಾರ್ಮಿನ ಜೊತೆ ರಿಜಿಸ್ಟ್ರಾರ್‌ಗೆ ಹೋಗಬೇಕು.