ಅಡಿಗೆಮನೆ ಡ್ರಾವರಿಗೆ ಹೊಸ ಹ್ಯಾಂಡಲ್ ತರಿಸುವವರು ಒಮ್ಮೆ ಓದಿ, "6 ಇಂಚು" ನಂಬಿ ನಾನು ಕೆಟ್ಟೆ

ನಮ್ಮದು ಮಲ್ಪೆ ಬದಿ ಮನೆ. ಸಮುದ್ರದ ಗಾಳಿಗೆ ಕಬ್ಬಿಣದ ಸಾಮಾನು ಎಂತ ಆಗ್ತದೆ ಅಂತ ಈ ಕಡೆಯವರಿಗೆ ಹೇಳುದು ಬೇಡ. ಅಡಿಗೆಮನೆ ಡ್ರಾವರಿನ ಹ್ಯಾಂಡಲಿನ ಪಾಲಿಶ್ ಎಲ್ಲ ಗುಳ್ಳೆ ಎದ್ದು ಸಿಪ್ಪೆ ಹೋಗ್ತಾ ಇತ್ತು, ಒದ್ದೆ ಕೈಯಲ್ಲಿ ಎಳೆದ್ರೆ ಬೆರಳಿಗೆ ತುಕ್ಕು. ಚೌತಿಗೆ ನೆಂಟರು ಬರುವ ಮೊದಲು 11 ಡ್ರಾವರಿಗೂ ಹೊಸತು ಹಾಕುವಾ ಅಂತ ಹೊರಟದ್ದು ನಾನೇ, ಇವರು ಬೇಡ ಅಂತಲೇ ಹೇಳಿದ್ರು, ಅದನ್ನು ಈಗ ದಿನಕ್ಕೆ ಎರಡು ಸಲ ನೆನಪಿಸ್ತಾರೆ.

ಟೇಪು ತಗೊಂಡು ಹಳೆ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಅಳೆದೆ. ಸರೀ 6 ಇಂಚು. ಆನ್‌ಲೈನಲ್ಲಿ "6 ಇಂಚು" ಅಂತ ಬರೆದ ಕಪ್ಪು ಹ್ಯಾಂಡಲ್ ಸಿಕ್ಕಿತು, ನೋಡ್ಲಿಕ್ಕೂ ಲಾಯ್ಕಿತ್ತು, ಒಂದು ಹೆಚ್ಚಿಗೆ ಇರಲಿ ಅಂತ 12 ತರಿಸಿದೆ. ಬಂದ ದಿನವೇ ಚಮಚದ ಡ್ರಾವರ್ ಖಾಲಿ ಮಾಡಿ, ಒಳಗಿಂದ ಎರಡು ಸ್ಕ್ರೂ ಬಿಚ್ಚಿ, ಹೊಸತನ್ನು ಇಟ್ಟದ್ದು. ಎಡಬದಿ ಸ್ಕ್ರೂ ಚಂದ ಕೂತಿತು. ಬಲಬದಿ ನೋಡಿದ್ರೆ ಹ್ಯಾಂಡಲಿನ ಕಾಲು ಒಟ್ಟೆಯಿಂದ ಎರಡು ಬೆರಳು ಆಚೆಗೆ, ಬರೀ ಸನ್‌ಮೈಕಾದ ಮೇಲೆ ನಿಂತಿದೆ.

ಆಮೇಲೆ ಗೊತ್ತಾದದ್ದು ಎಂತ ಅಂದ್ರೆ, ಹ್ಯಾಂಡಲ್ ಕೂರುದು ಅದರ ಉದ್ದದಿಂದ ಅಲ್ಲ, ಎರಡು ಸ್ಕ್ರೂ ಒಟ್ಟೆಗಳ ನಡುವಿನ ದೂರದಿಂದ, ಅದೂ ಒಂದು ಒಟ್ಟೆಯ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ. ನಮ್ಮ ಹಳೆ ಹ್ಯಾಂಡಲಿಗೆ ಎರಡೂ ತುದಿಯಲ್ಲಿ ಎಲೆ ಹಾಗೆ ಅಗಲ ಆದ ಕಾಲು ಇತ್ತು, ಒಟ್ಟೆಯಿಂದ ಹೊರಗೆ ಆಚೆ ಈಚೆ 12 ಮಿ.ಮೀ. ಅದೇ. ಅಂದ್ರೆ ಒಟ್ಟೆಯ ದೂರ 128, ಒಟ್ಟು ಉದ್ದ 152, ನಾನು ಅಳೆದ 6 ಇಂಚು ಇದು. ಹೊಸತರದ್ದು ಒಟ್ಟೆ ದೂರ 160, ಒಟ್ಟು ಉದ್ದ 170. 6 ಇಂಚು ಅಂದ್ರೆ 152.4 ಅಲ್ವಾ, ಹೊಸ ಹ್ಯಾಂಡಲಿನ ಯಾವ ಅಳತೆಯೂ ಅದಕ್ಕೆ ತಾಳೆ ಆಗುದಿಲ್ಲ, ಅದು ಸುಮ್ಮನೆ ಕರೆಯುವ ಹೆಸರು. ಮೂರನೇ ಫೋಟೋದ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ 160 ಅಂತ ಇತ್ತು, ನೋಡದ್ದು ನನ್ನದೇ ತಪ್ಪು. ವಾಪಸ್ ಕೊಡುವಾ ಅಂದ್ರೆ ಸ್ಕ್ರೂ ಹಾಕುವಾಗ ಒಂದಕ್ಕೆ ಗೀರು ಬಿದ್ದಿತ್ತು, ಪೂರ್ತಿ ಸೆಟ್ಟನ್ನೇ ತಗೊಳ್ಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ರೆ ಆಗ್ತಿತ್ತು. ತಮ್ಮ ಬಂದವ "ಅಕ್ಕಾ, ಹೊಸ ಒಟ್ಟೆ ಹೊಡೆದ್ರೆ ಆಯ್ತಲ್ಲ, ಎಂತ ಮಂಡೆಬಿಸಿ" ಅಂತ ಡ್ರಿಲ್ಲು ತಂದ. ನಡು ಸರಿ ಮಾಡಿ, ಹಳೆ ಒಟ್ಟೆಯಿಂದ 16 ಮಿ.ಮೀ. ಹೊರಗೆ ಎರಡೂ ಬದಿ ಗುರುತು ಹಾಕಿ ಒಳಗಿಂದ ಹೊಡೆದ. ಎದುರು ಬದಿಗೆ ಒಂದು ಮರದ ತುಂಡು ಒತ್ತಿ ಹಿಡಿಯದೆ ಹೊಡೆದ್ರೆ ಡ್ರಿಲ್ಲಿನ ಬಿಟ್ ಹೊರಗೆ ಬರುವಾಗ ಸನ್‌ಮೈಕಾ ಚಕ್ಕೆ ಕಿತ್ತುಕೊಂಡೇ ಬರ್ತದೆ, ಹಾಗೇ ಆಯ್ತು, ಕಡಲೆಬೇಳೆ ಗಾತ್ರದ ಚಕ್ಕೆ ಎರಡು ಕಡೆ. ಹ್ಯಾಂಡಲ್ ಏನೋ ಕೂತಿತು, ಆದ್ರೆ ಹಳೆ ಎರಡು ಒಟ್ಟೆ ಹ್ಯಾಂಡಲಿನ ಕೆಳಗೆ ಕಣ್ಣು ಬಿಟ್ಟುಕೊಂಡು ನೋಡ್ತಾ ಉಂಟು. ಕಾಲು ಸಣ್ಣ, 10 ಮಿ.ಮೀ., ಅದು 16 ಮಿ.ಮೀ. ದೂರದ ಒಟ್ಟೆಯನ್ನು ಎಲ್ಲಿ ಮುಚ್ಚುದು. ಉಳಿದ 10 ಡ್ರಾವರ್ ಮುಟ್ಟಬೇಡ ಅಂತ ಅವನನ್ನು ಚಹಾ ಕೊಟ್ಟು ಕಳಿಸಿದೆ.

ಎರಡನೇ ಸಲ ಒಟ್ಟೆಯನ್ನೇ ಅಳೆದೆ, ಅದರಲ್ಲೂ ಮುಗ್ಗರಿಸಿದೆ. ಒಂದು ಒಟ್ಟೆಯ ಒಳಅಂಚಿನಿಂದ ಇನ್ನೊಂದರ ಒಳಅಂಚಿಗೆ ಅಳೆದು 123 ಅಂತ ಚೀಟಿಯಲ್ಲಿ ಬರೆದುಕೊಂಡು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಲ್ಲಿಯ ಅಣ್ಣ ಚೀಟಿ ನೋಡಿ, "123 ಅಂತ ಬರುದಿಲ್ಲ ಅಕ್ಕ, 96, 128, 160, 192, ಹೀಗೆ 32ರ ಲೆಕ್ಕದಲ್ಲಿ ಹೋಗ್ತದೆ, ನೀವು ಒಟ್ಟೆಯ ಒಳಗಿಂದ ಒಳಗೆ ಅಳೆದದ್ದಾ?" ಅಂದ್ರು. ಹೌದು ಅಂದೆ. ಒಟ್ಟೆ 5 ಮಿ.ಮೀ., ಎರಡು ಬದಿಯಿಂದ ಅರ್ಧರ್ಧ ಸೇರಿಸಿದ್ರೆ 123ಕ್ಕೆ 5 ಕೂಡಿ 128. ಅವರು ಹೇಳಿದ ಉಪಾಯ ಇನ್ನೂ ಸುಲಭ: ಎಡ ಒಟ್ಟೆಯ ಎಡ ಅಂಚಿನಿಂದ ಬಲ ಒಟ್ಟೆಯ ಎಡ ಅಂಚಿಗೆ ಅಳೀರಿ. ಎರಡು ಒಟ್ಟೆಯೂ ಒಂದೇ ಗಾತ್ರ ಇದ್ರೆ ಅದೇ ಮಧ್ಯದಿಂದ ಮಧ್ಯಕ್ಕೆ, ಮಧ್ಯ ಎಲ್ಲಿ ಅಂತ ಕಣ್ಣಂದಾಜಿ ಮಾಡುದೇ ಬೇಡ.

ಇನ್ನೊಂದು, ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲುಗ್ತದೆ ನೋಡಿ, ಅದು ಹಾಳಾದದ್ದಲ್ಲ, ಒಳಗೆ ಹೊರಗೆ ಎರಡೂ ಅಳೀಲಿಕ್ಕೆ ಹಾಗೇ ಮಾಡಿದ್ದು, ಆದ್ರೆ ಒಟ್ಟೆಯ ಅಂಚಿಗೆ ಅದನ್ನು ಇಟ್ಟರೆ ಒಂದು ಮಿ.ಮೀ. ಆಚೆ ಈಚೆ ಆಗ್ತದೆ. ಮಕ್ಕಳ ಸ್ಟೀಲ್ ಸ್ಕೇಲ್ ಒಳ್ಳೇದು. ಟೇಪೇ ಇರುದಾದ್ರೆ 10 ಸೆಂ.ಮೀ. ಗೆರೆಯನ್ನು ಅಂಚಿಗೆ ಇಟ್ಟು ಕೊನೆಗೆ 10 ಕಳೀರಿ. ಕಳೀಲಿಕ್ಕೆ ಮರೀಬೇಡಿ! ನಾನು ಒಂದು ಡ್ರಾವರಿಗೆ ಮರೆತು 228 ಅಂತ ಬರೆದಿದ್ದೆ, ಅದು 224ಕ್ಕೆ ಹತ್ತಿರ ಬಂದ ಕಾರಣ ಆ ಅಣ್ಣನೂ ಒಂದು ಗಳಿಗೆ ನಂಬಿದ್ರು, ಮತ್ತೆ ಡ್ರಾವರ್ ಎಷ್ಟು ಅಗಲ ಉಂಟು ಅಂತ ಕೇಳಿದ ಮೇಲೆ ಇಬ್ಬರಿಗೂ ನಗು.

ಅವರು ಇನ್ನೊಂದು ಮಾತು ಹೇಳಿದ್ರು, "ಎಲ್ಲ ಡ್ರಾವರೂ ಅಳೆದದ್ದಾ?" ಇಲ್ಲ, ಮೇಲಿನ ಮೂರು ಮಾತ್ರ. ಮನೆಗೆ ಬಂದು ಅಳೆದ್ರೆ ಕೆಳಗಿನ ಎರಡರಲ್ಲಿ 101ಕ್ಕೂ 102ಕ್ಕೂ ನಡುವೆ. ಆ ಎರಡು ಆಮೇಲೆ ಬೇರೆ ಆಚಾರ್ರು ಮಾಡಿದ್ದು, ಅವರು ಇಂಚಿನ ಲೆಕ್ಕದಲ್ಲಿ 4 ಇಂಚಿಗೆ ಹೊಡೆದಿದ್ದಾರೆ, ಅಂದ್ರೆ 101.6. 96ರದ್ದು ಎಳೆದು ಕೂರಿಸ್ಲಿಕ್ಕೆ ಆಗ್ತದಾ ಅಂತ ಫೋನ್ ಮಾಡಿ ಕೇಳಿದೆ. ಆಗುದಿಲ್ಲ. 5 ಮಿ.ಮೀ. ಒಟ್ಟೆಯಲ್ಲಿ 4 ಮಿ.ಮೀ. ಸ್ಕ್ರೂ, ಪ್ರತಿ ಸ್ಕ್ರೂ ಅರ್ಧ ಮಿ.ಮೀ. ಸರೀಬಹುದು, ಎರಡು ಸೇರಿ ಹೆಚ್ಚೆಂದ್ರೆ ಒಂದು. 5 ಇಂಚಿನ ಒಟ್ಟೆ ಅಂದ್ರೆ 127, ಅದಕ್ಕೆ 128ರದ್ದು ಕಷ್ಟದಲ್ಲಿ ಕೂರಬಹುದು, ಇಲ್ಲಿ ಐದೂವರೆ ಮಿ.ಮೀ. ವ್ಯತ್ಯಾಸ. ಒಟ್ಟೆ ದೊಡ್ಡ ಮಾಡಿ ತುರುಕಿದ್ರೆ ಸ್ಕ್ರೂ ಓರೆ ನಿಂತು ನಾಲ್ಕು ದಿನದಲ್ಲಿ ಹ್ಯಾಂಡಲ್ ಗಡಗಡ ಅಂತದೆ.

ಕೊನೆಗೆ ಅಂಗಡಿಯಿಂದ 128ರದ್ದು ಮೊದಲು ಒಂದೇ ತಂದು, ಮೇಲಿನ 9 ಡ್ರಾವರಿಗೂ ಇಟ್ಟು ನೋಡಿ, ಮತ್ತೆ ಉಳಿದ 8 ತಂದದ್ದು. ಚಮಚದ ಡ್ರಾವರಿನಲ್ಲಿ ತಮ್ಮ ಹೊಡೆದ ಎರಡು ಒಟ್ಟೆಗೆ ಎಂ-ಸೀಲ್ ತುಂಬಿ ಬಣ್ಣ ಹಚ್ಚಿದ್ದೇನೆ, ದೂರದಿಂದ ಗೊತ್ತಾಗುದಿಲ್ಲ, ಹತ್ತಿರ ಬಂದವರು ಎಲ್ಲರೂ ಕೇಳ್ತಾರೆ. ಕೆಳಗಿನ ಎರಡಕ್ಕೆ ಹಳೆ ಹ್ಯಾಂಡಲನ್ನೇ ಉಪ್ಪುಕಾಗದ ಹಾಕಿ ಉಜ್ಜಿ ವಾಪಸ್ ಹಾಕಿದೆ, ಅತ್ತೆ ಹೇಳುದು ಅದೇ ಹಿಡೀಲಿಕ್ಕೆ ಲಾಯ್ಕ ಅಂತ.

ಉಡುಪಿ ಮಂಗಳೂರು ಕಡೆ ಯಾರದ್ದಾದ್ರೂ ಡ್ರಾವರಿನಲ್ಲಿ ಒಟ್ಟೆ 160ಕ್ಕೆ ಇದ್ರೆ ಹೇಳಿ, ನನ್ನ ಹತ್ರ 12 ಕಪ್ಪು ಹ್ಯಾಂಡಲ್ ಉಂಟು, ಒಂದಕ್ಕೆ ಮಾತ್ರ ಗೀರು.