ಲೈವ್ ಫೋಟೋನಾ, ಬರ್ಸ್ಟಾ? ಮಾಡೆಲ್‌ಗೆ ತಲುಪುವುದು ಯಾವ ಫ್ರೇಮ್?

ಮನೆಯ ಡಿಜಿಟಲ್ ಕರೆಂಟ್ ಮೀಟರ್‌ನಲ್ಲಿ ದಿನಾಂಕ, ಸಮಯ, ಯೂನಿಟ್ ಒಂದರ ಹಿಂದೊಂದು ಬಂದುಹೋಗುತ್ತವೆ. ಯೂನಿಟ್ ಕಂಡಿತೆಂದು ಬಟನ್ ಒತ್ತುವಷ್ಟರಲ್ಲಿ ಪರದೆ ಬದಲಾಗಿರುತ್ತದೆ. ಐಫೋನಿನ ಲೈವ್ ಫೋಟೋ ಒತ್ತುವ ಮೊದಲಿನ ಒಂದೂವರೆ ಸೆಕೆಂಡನ್ನೂ ಹಿಡಿದಿಡುವುದರಿಂದ, ಚಿತ್ರವನ್ನು ಒತ್ತಿ ಹಿಡಿದರೆ ಯೂನಿಟ್ ನಮಗೆ ಕಾಣುತ್ತದೆ. ಅದೇ ಫೋಟೋವನ್ನು ಚಿತ್ರ ಓದುವ ಎಐ ಮಾಡೆಲ್‌ಗೆ ಕಳಿಸಿ ರೀಡಿಂಗ್ ಕೇಳಿದರೆ ಅದು ದಿನಾಂಕವನ್ನು ಓದುತ್ತದೆ.

ಯಾಕೆಂದು ನೋಡಲು ಲ್ಯಾಪ್‌ಟಾಪಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಅದನ್ನೇ ಕ್ಲಿಕ್ಕಿಸಿದೆ. ಹೀಗೆ ಮಾಡಿದರೆ ಪ್ರತಿ ಫ್ರೇಮಿನ ಮೇಲೂ ಅದರ ಹೊತ್ತು ಬರೆದಿರುತ್ತದೆ. ಮಾಡೆಲ್ ಯಾವ ಅಂಕಿ ಓದುತ್ತದೋ ಅದಕ್ಕೆ ತಲುಪಿದ್ದೂ ಅದೇ ಫ್ರೇಮ್.

ಲೈವ್ ಫೋಟೋದಲ್ಲಿ ಅದು ಓದಿದ್ದು ಬಟನ್ ಒತ್ತಿದ ಕ್ಷಣವನ್ನು ಮಾತ್ರ. ಲೈವ್ ಫೋಟೋ ಎಂದರೆ ಒಂದು ಸ್ಥಿರಚಿತ್ರ, ಜೊತೆಗೆ ಒಂದು ಪುಟ್ಟ ವಿಡಿಯೋ. ಕಂಪ್ಯೂಟರಿಗೆ ಮೂಲರೂಪದಲ್ಲಿ ಇಳಿಸಿಕೊಂಡರೆ ಒಂದೇ ಹೆಸರಿನ .HEIC ಮತ್ತು .MOV ಎರಡೂ ಸಿಗುತ್ತವೆ. ಫೋಟೋ ಎಂದು ಅಪ್‌ಲೋಡ್ ಮಾಡಿದಾಗ ಮೊದಲನೆಯದಷ್ಟೇ ಹೋಗುತ್ತದೆ. ಪಿಕ್ಸೆಲ್ ಫೋನಿನ ಮೋಷನ್ ಫೋಟೋ ಒಂದೇ ಫೈಲ್, ಆದರೆ ಫಲಿತಾಂಶ ಬೇರೆಯಲ್ಲ. ವಿಡಿಯೋ ಜೆಪೆಗ್‌ನ ಬಾಲಕ್ಕೆ ಅಂಟಿಕೊಂಡಿರುತ್ತದೆ, ಚಿತ್ರ ಬಿಡಿಸುವ ತಂತ್ರಾಂಶ ಚಿತ್ರದ ಭಾಗ ಮುಗಿದಲ್ಲಿಗೇ ನಿಲ್ಲುತ್ತದೆ.

ಐಫೋನಿನಲ್ಲಿ ಎಡಿಟ್‌ಗೆ ಹೋಗಿ ಬೇಕಾದ ಫ್ರೇಮ್ ಆರಿಸಿ `Make Key Photo` ಒತ್ತಿದರೆ ಆ ಫ್ರೇಮೇ ಹೋಗುತ್ತದೆ. ಆದರೆ ಅದು ವಿಡಿಯೋದಿಂದ ಬಂದ ಫ್ರೇಮ್, ಮೂಲ ಚಿತ್ರದಷ್ಟು ವಿವರ ಅದರಲ್ಲಿಲ್ಲ. ಹತ್ತಿರದಿಂದ ತೆಗೆದ ದೊಡ್ಡ ಅಂಕಿಗೆ ಸಾಕು. ದೂರದಿಂದ ತೆಗೆದ ಮೀಟರಿನಲ್ಲಿ 3 ಮತ್ತು 8 ಒಂದೇ ಥರ ಕಾಣತೊಡಗುತ್ತವೆ, ದಶಾಂಶ ಚುಕ್ಕಿ ಮಾಯವಾಗುತ್ತದೆ. ಇನ್ನೊಂದು ವಿಷಯ: ಮ್ಯಾಕ್‌ನಲ್ಲಿ `Export Unmodified Original` ಆರಿಸಿದರೆ ಬದಲಾಯಿಸಿದ ಫ್ರೇಮ್ ಬರುವುದಿಲ್ಲ, ಹಳೆಯದೇ ಬರುತ್ತದೆ.

ಬರ್ಸ್ಟ್‌ನ ಬಗೆಯೇ ಬೇರೆ. ಐಫೋನಿನಲ್ಲಿ ಶಟರ್ ಬಟನ್ನನ್ನು ಎಡಕ್ಕೆ ಎಳೆದು ಹಿಡಿದರೆ ಸೆಕೆಂಡಿಗೆ ಸುಮಾರು 10 ಫೋಟೋ ಬರುತ್ತವೆ, ಒಂದೊಂದೂ ವಿಡಿಯೋ ಫ್ರೇಮಲ್ಲ, ಬಿಡಿ ಫೋಟೋ. ಗ್ಯಾಲರಿಯಲ್ಲಿ ಮಾತ್ರ ಎಲ್ಲವೂ ಒಂದೇ ಚಿತ್ರವಾಗಿ ಕಾಣುತ್ತವೆ. ಹಾಗೇ ಕಳಿಸಿದರೆ ಹೋಗುವುದು ಫೋನ್ ತಾನೇ ಆರಿಸಿಕೊಂಡ ಒಂದು. ನಮಗೆ ಯೂನಿಟ್ ಬೇಕೋ ದಿನಾಂಕ ಬೇಕೋ ಫೋನಿಗೆ ಗೊತ್ತಿಲ್ಲವಲ್ಲ! `Select` ಒತ್ತಿ ಯೂನಿಟ್ ಇರುವ ಎರಡು ಮೂರು ಫೋಟೋ ಆರಿಸಿದರೆ ಅವು ಬಿಡಿಯಾಗಿ ಉಳಿಯುತ್ತವೆ, ಎಲ್ಲವನ್ನೂ ಕಳಿಸಬಹುದು. ಒಂದರಲ್ಲಿ ಗಾಜಿನ ಪ್ರತಿಫಲನಕ್ಕೆ ಸಿಕ್ಕಿದ ಅಂಕಿ ಇನ್ನೊಂದರಲ್ಲಿ ಸ್ವಚ್ಛವಾಗಿ ಸಿಗುತ್ತದೆ. ಒಂದು ತೊಂದರೆಯೆಂದರೆ, ಬಟನ್ ಒತ್ತುವ ಮೊದಲು ನಡೆದದ್ದು ಬರ್ಸ್ಟ್‌ನಲ್ಲಿ ಇರುವುದಿಲ್ಲ. ಯೂನಿಟ್‌ಗಿಂತ ಮೊದಲು ಯಾವ ಪರದೆ ಬರುತ್ತದೆಂದು ನೋಡಿಕೊಂಡು ಅಲ್ಲಿಂದಲೇ ಎಳೆದು ಹಿಡಿಯಬೇಕು.

ಹಾಗಾಗಿ ಅಂಕಿ ಓದಿಸಲು ನನ್ನ ಆಯ್ಕೆ ಬರ್ಸ್ಟ್. ಮೀಟರ್ ಮುಂದೆ ಮತ್ತೆ ನಿಲ್ಲಲು ಆಗದೆ ಕೈಯಲ್ಲಿ ಲೈವ್ ಫೋಟೋ ಒಂದೇ ಇದ್ದರೆ, .MOV ಅನ್ನು ಬಿಡಿಸಿ ಸರಿಯಾದ ಫ್ರೇಮ್ ಕಳಿಸುತ್ತೇನೆ:

```
ffmpeg -i IMG_1234.MOV -vf fps=10 f_%03d.png
```